ರಿಲೀವಿಂಗ್ ಲೆಟರ್, ಅನುಭವ ಪತ್ರ: ಏನು ಬರೆಯಬೇಕು, ಎಲ್ಲಿ ನಿಲ್ಲಿಸಬೇಕು

ಸಣ್ಣ ಸಂಸ್ಥೆಗಳಲ್ಲಿ ಯಾರಾದರೂ ಕೆಲಸ ಬಿಟ್ಟರೆ ಸಾಮಾನ್ಯವಾಗಿ ಒಂದೇ ಪತ್ರ ಕೊಟ್ಟು ಕಳಿಸುತ್ತಾರೆ. ಅದರಲ್ಲೇ ಬಿಡುಗಡೆ, ಅನುಭವ, ಹೊಗಳಿಕೆ, ಶುಭ ಹಾರೈಕೆ ಎಲ್ಲವೂ ಇರುತ್ತದೆ. ಎಲ್ಲ ಸರಿಯಿದ್ದಾಗ ಇದರಿಂದ ತೊಂದರೆ ಕಾಣುವುದಿಲ್ಲ. ಹೋಗುವವರ ಮೇಲೆ ಏನೋ ಅನುಮಾನವಿದ್ದಾಗ, ಲೆಕ್ಕ ಬಾಕಿಯಿದ್ದಾಗ, ಅಥವಾ ಎರಡು ವರ್ಷ ಬಿಟ್ಟು ಯಾರೋ ಫೋನ್ ಮಾಡಿ "ಅವರು ಹೇಗೆ?" ಅಂತ ಕೇಳಿದಾಗ ಪ್ರಶ್ನೆ ಶುರುವಾಗುತ್ತದೆ. ಈ ಲೇಖನ ಮುಖ್ಯವಾಗಿ ಆ ಕಷ್ಟದ ಸಂದರ್ಭದ ಬಗ್ಗೆ. ಪತ್ರಕ್ಕೆ ಸಹಿ ಹಾಕುವ ಮಾಲೀಕರು, ಎಚ್‌ಆರ್ ಕೆಲಸವನ್ನೂ ನೋಡಿಕೊಳ್ಳುವ ಅಕೌಂಟೆಂಟ್‌ಗಳು ಮನಸ್ಸಿನಲ್ಲಿದ್ದಾರೆ. ಕೆಲಸ ಬಿಡುವವರಿಗೂ ಇದು ಉಪಯೋಗಕ್ಕೆ ಬರುತ್ತದೆ.

ಎರಡು ಪತ್ರ, ಎರಡು ಕೆಲಸ

ರಿಲೀವಿಂಗ್ ಲೆಟರ್ ನೌಕರರಿಗೇ ಬರೆಯುವ ಪತ್ರ. "ನಿಮ್ಮ ರಾಜೀನಾಮೆ ಒಪ್ಪಿದ್ದೇವೆ, ಇಂಥ ದಿನದಿಂದ ನೀವು ನಮ್ಮ ನೌಕರರಲ್ಲ" ಅನ್ನುವುದಷ್ಟೇ ಅದರ ಹುರುಳು. ಹೊಸ ಕಂಪನಿಯವರು ಇದನ್ನು ಕೇಳುವುದು ಒಂದೇ ಕಾರಣಕ್ಕೆ: ಈ ವ್ಯಕ್ತಿ ಹಳೆಯ ಕಡೆಯಿಂದ ಪೂರ್ತಿ ಬಿಡುಗಡೆಯಾಗಿದ್ದಾರಾ, ಇಲ್ಲ ಎರಡು ಕಡೆ ಹೆಸರಿದೆಯಾ?

ಅನುಭವ ಪತ್ರ ಯಾರು ಬೇಕಾದರೂ ಓದಬಹುದಾದ ಪತ್ರ. "ಸಂಬಂಧಪಟ್ಟವರಿಗೆ" ಅಂತಲೇ ಶುರುವಾಗುತ್ತದೆ. ಎಷ್ಟು ಕಾಲ, ಯಾವ ಹುದ್ದೆಯಲ್ಲಿ, ಏನು ಕೆಲಸ ಮಾಡಿದರು ಅನ್ನುವುದನ್ನು ಹೇಳುತ್ತದೆ. ಹತ್ತು ವರ್ಷ ಬಿಟ್ಟೂ ಅದು ಯಾರದೋ ಮೇಜಿನ ಮೇಲಿರಬಹುದು.

ಓದುವವರು ಬೇರೆ ಆದ್ದರಿಂದ ಎರಡನ್ನೂ ಬೇರೆ ಬೇರೆ ಬರೆಯುವುದು ಒಳ್ಳೆಯದು. ನೋಟಿಸ್ ಪೀರಿಯಡ್ ಕಡಿಮೆ ಮಾಡಿದ್ದು, ಲ್ಯಾಪ್‌ಟಾಪ್ ವಾಪಸ್ ಕೊಟ್ಟಿದ್ದು, ಲೆಕ್ಕ ಇನ್ನೂ ಆಗಬೇಕಿರುವುದು, ಇವೆಲ್ಲ ಸಂಸ್ಥೆಗೂ ನೌಕರರಿಗೂ ಸೇರಿದ ಮಾತು. ಅನುಭವ ಪತ್ರದಲ್ಲಿ ಅದಕ್ಕೆ ಜಾಗವಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ

ಪೈಪು, ಫಿಟ್ಟಿಂಗ್ಸ್ ಮಾರುವ ಒಂದು ಸಗಟು ಅಂಗಡಿ. ಹನ್ನೆರಡು ಜನ ಕೆಲಸಕ್ಕಿದ್ದಾರೆ. ಒಬ್ಬರು 18 ಜುಲೈ 2022ರಂದು ಬಿಲ್ಲಿಂಗ್ ಸಹಾಯಕರಾಗಿ ಸೇರಿದರು. 1 ಏಪ್ರಿಲ್ 2024ರಿಂದ ಕಲೆಕ್ಷನ್ ಎಕ್ಸಿಕ್ಯೂಟಿವ್ ಆದರು. 2025ರ ಫೆಬ್ರವರಿ ಕೊನೆಯಲ್ಲಿ ರಸೀದಿ ಪುಸ್ತಕಕ್ಕೂ ಕ್ಯಾಷ್ ಪೆಟ್ಟಿಗೆಗೂ ತಾಳೆ ನೋಡಿದಾಗ 38,400 ರೂಪಾಯಿ ಕಡಿಮೆ ಬಂತು. ಪೆಟ್ಟಿಗೆಯ ಬೀಗದ ಕೈ ಇವರ ಹತ್ತಿರವೂ ಇತ್ತು, ಇನ್ನೊಬ್ಬರ ಹತ್ತಿರವೂ ಇತ್ತು. ಮಾಲೀಕರು ಬಾಯಿಮಾತಲ್ಲಿ ಕೇಳಿದರು. "ನನಗೆ ಗೊತ್ತಿಲ್ಲ ಸರ್" ಅಂದರು. ಲಿಖಿತ ನೋಟಿಸ್ ಇಲ್ಲ, ವಿಚಾರಣೆ ಇಲ್ಲ. 3 ಮಾರ್ಚ್ 2025ರಂದು ಅವರು ರಾಜೀನಾಮೆ ಕೊಟ್ಟರು. ನೇಮಕಾತಿ ಪತ್ರದ ಪ್ರಕಾರ ನೋಟಿಸ್ ಪೀರಿಯಡ್ 60 ದಿನ.

ಮಾಲೀಕರಿಗೆ ಮನಸ್ಸಿನಲ್ಲಿ ಖಾತ್ರಿ: ದುಡ್ಡು ಇವರೇ ತೆಗೆದಿದ್ದು. ಈಗ ಪತ್ರ ಬರೆಯಬೇಕು.

ಮೊದಲು ದಿನಾಂಕ ಸರಿ ಮಾಡಿ

ಬರೆಯಲು ಕೂರುವ ಮೊದಲು ಮೂರು ಕಾಗದ ಮುಂದಿಟ್ಟುಕೊಳ್ಳಿ: ನೇಮಕಾತಿ ಪತ್ರ, ರಾಜೀನಾಮೆ ಮತ್ತು ಅದಕ್ಕೆ ಕೊಟ್ಟ ಉತ್ತರ, ಕೊನೆಯ ತಿಂಗಳ ಹಾಜರಿ. ನೆನಪಿನಿಂದ ದಿನಾಂಕ ಬರೆಯಬೇಡಿ.

ರಾಜೀನಾಮೆ ಕೊಟ್ಟ ಮರುದಿನದಿಂದ ಎಣಿಸಿದರೆ ಮಾರ್ಚ್‌ನಲ್ಲಿ 28 ದಿನ, ಏಪ್ರಿಲ್‌ನಲ್ಲಿ 30, ಅಲ್ಲಿಗೆ 58. ಇನ್ನೆರಡು ದಿನ ಸೇರಿಸಿದರೆ 2 ಮೇ 2025. ಅದೇ ಕೊನೆಯ ಕೆಲಸದ ದಿನ. ರಾಜೀನಾಮೆಯ ದಿನವನ್ನೂ ಲೆಕ್ಕಕ್ಕೆ ಹಿಡಿದರೆ ಒಂದು ದಿನ ಮೊದಲೇ ಮುಗಿಯುತ್ತದೆ. ಆದ್ದರಿಂದ ರಾಜೀನಾಮೆ ಒಪ್ಪುವಾಗಲೇ "ನಿಮ್ಮ ಕೊನೆಯ ಕೆಲಸದ ದಿನ ಇಂಥದ್ದು" ಅಂತ ಲಿಖಿತವಾಗಿ ಹೇಳಿಬಿಟ್ಟರೆ ಆಮೇಲೆ ತಕರಾರಿರುವುದಿಲ್ಲ.

ಒಂದು ದಿನ ಹೆಚ್ಚುಕಮ್ಮಿಯಾದರೆ ಏನಾಯಿತು ಅನ್ನಿಸಬಹುದು. ಹೊಸ ಕಂಪನಿಯ ಪರವಾಗಿ ಹಿನ್ನೆಲೆ ಪರಿಶೀಲನೆ ಮಾಡುವವರು ಮೊದಲು ನೋಡುವುದೇ ದಿನಾಂಕವನ್ನು. ಅನುಭವ ಪತ್ರದ ದಿನಾಂಕ, ರಿಲೀವಿಂಗ್ ಲೆಟರ್ ದಿನಾಂಕ, ಪಿಎಫ್ ಖಾತೆಯಲ್ಲಿ ನೀವು ತುಂಬಿದ ಕೆಲಸ ಬಿಟ್ಟ ದಿನಾಂಕ, ಈ ಮೂರೂ ಒಂದೇ ಇರಬೇಕು. ಪತ್ರದಲ್ಲಿ 2 ಮೇ ಅಂತಿದ್ದು ಪಿಎಫ್‌ನಲ್ಲಿ ತಿಂಗಳ ಕೊನೆ ಅಂತ ಸುಮ್ನೆ 31 ಮೇ ಹಾಕಿದರೆ, ಅವರು ಮೇ 5ಕ್ಕೆ ಹೊಸ ಕಡೆ ಸೇರಿದ್ದರೆ, ದಾಖಲೆಯ ಪ್ರಕಾರ ಸುಮಾರು ನಾಲ್ಕು ವಾರ ಎರಡು ಕಡೆ ದುಡಿದ ಹಾಗೆ ಕಾಣುತ್ತದೆ. ನಿಮ್ಮ ಅವಸರಕ್ಕೆ ಉತ್ತರ ಕೊಡಬೇಕಾದವರು ಅವರು.

ರಿಲೀವಿಂಗ್ ಲೆಟರ್ ಬರೆಯುವುದು

ಲೆಟರ್‌ಹೆಡ್ ಮೇಲೆ, ಪತ್ರ ಸಂಖ್ಯೆ ಮತ್ತು ದಿನಾಂಕ ಹಾಕಿ ಬರೆಯಿರಿ. ಸ್ಟಾಂಪ್ ಪೇಪರ್ ಬೇಕಿಲ್ಲ. ನಮ್ಮ ಉದಾಹರಣೆಯಲ್ಲಿ ಪತ್ರ ಹೀಗಿರಬಹುದು:

"ನೀವು 3 ಮಾರ್ಚ್ 2025ರಂದು ಕೊಟ್ಟ ರಾಜೀನಾಮೆಯನ್ನು ಸಂಸ್ಥೆ ಒಪ್ಪಿಕೊಂಡಿದೆ. 2 ಮೇ 2025ರ ಕೆಲಸದ ವೇಳೆ ಮುಗಿದ ನಂತರ ನಿಮ್ಮನ್ನು ಕಲೆಕ್ಷನ್ ಎಕ್ಸಿಕ್ಯೂಟಿವ್ ಹುದ್ದೆಯಿಂದ ಬಿಡುಗಡೆ ಮಾಡಲಾಗಿದೆ. ನಿಮ್ಮ ಅಂತಿಮ ಲೆಕ್ಕದ ವಿವರವನ್ನು ಬೇರೆ ಪತ್ರದಲ್ಲಿ ತಿಳಿಸಲಾಗುವುದು."

ಕೆಳಗೆ ಸಹಿ ಹಾಕಿದವರ ಹೆಸರು, ಹುದ್ದೆ, ಮೊಹರು. ಇಷ್ಟು ಸಾಕು.

ಕೊನೆಯ ಸಾಲನ್ನು ಸ್ವಲ್ಪ ಗಮನಿಸಿ. ಇಂಟರ್ನೆಟ್‌ನಲ್ಲಿ ಸಿಗುವ ಮಾದರಿ ಪತ್ರಗಳಲ್ಲಿ "ನಿಮ್ಮಿಂದ ಸಂಸ್ಥೆಗೆ ಯಾವುದೇ ಬಾಕಿ ಇಲ್ಲ" ಅಂತ ಇರುವುದು ಜಾಸ್ತಿ. ಹಾಗೇ ನಕಲು ಮಾಡಿದರೆ, ಮುಂದೆ ಮುಂಗಡದ ಹಣವನ್ನೋ ಆ 38,400 ರೂಪಾಯಿಯನ್ನೋ ಕೇಳುವಾಗ ನಿಮ್ಮ ಪತ್ರವೇ ನಿಮಗೆ ಅಡ್ಡ ಬರುತ್ತದೆ. ಎಲ್ಲ ಲೆಕ್ಕ ನಿಜವಾಗಿಯೂ ಮುಗಿದಿದ್ದರೆ ಮಾತ್ರ ಆ ಸಾಲು ಹಾಕಿ. ನೌಕರರ ಕಡೆಯಿಂದಲೂ ಅಷ್ಟೇ. ಸಂಬಳ, ರಜೆಯ ಹಣ ಬರುವ ಮೊದಲೇ "ನನಗೆ ಎಲ್ಲ ಬಂದಿದೆ" ಅನ್ನುವ ಕಾಗದಕ್ಕೆ ಸಹಿ ಹಾಕಬಾರದು.

"ಮುಂದಿನ ಎರಡು ವರ್ಷ ಇದೇ ವ್ಯಾಪಾರದ ಬೇರೆ ಸಂಸ್ಥೆಗೆ ಸೇರುವಂತಿಲ್ಲ" ಅಂತ ಕೆಲವರು ಇದರಲ್ಲೇ ಸೇರಿಸುತ್ತಾರೆ. ಕೆಲಸ ಬಿಟ್ಟ ಮೇಲೆ ಹೊಟ್ಟೆಪಾಡಿನ ದಾರಿಯನ್ನೇ ತಡೆಯುವ ಇಂಥ ಷರತ್ತು ಭಾರತೀಯ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ ನಿಲ್ಲುವುದಿಲ್ಲ. ಗ್ರಾಹಕರ ಪಟ್ಟಿ, ದರದ ಗುಟ್ಟು ಹೊರಗೆ ಹೇಳಬಾರದು ಅಂತ ನೆನಪಿಸುವುದು ಬೇರೆ ಮಾತು. ಅದನ್ನು ಬರೆಯಬಹುದು.

ಅನುಭವ ಪತ್ರ ಬರೆಯುವುದು

ಹೆಸರು ಪಿಎಫ್ ದಾಖಲೆಯಲ್ಲಿ ಇರುವ ಹಾಗೇ ಇರಲಿ, ಇನಿಷಿಯಲ್ ಸಮೇತ. ಸೇರಿದ ದಿನ, ಬಿಟ್ಟ ದಿನ, ಸೇರುವಾಗಿನ ಹುದ್ದೆ, ಬಿಡುವಾಗಿನ ಹುದ್ದೆ, ಪೂರ್ಣಾವಧಿಯೋ ಅರೆಕಾಲಿಕವೋ, ಮಾಡಿದ ಕೆಲಸದ ಬಗೆ. ಸಂಬಳವನ್ನು ಅವರು ಕೇಳಿದರೆ ಮಾತ್ರ ಬರೆಯಿರಿ, ಅದೂ ಬೇರೆ ಹಾಳೆಯಲ್ಲಾದರೆ ಉತ್ತಮ.

ಇದರಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಕೆಲಸದ ವಿವರಕ್ಕೆ. "ತಮಗೆ ವಹಿಸಿದ ಎಲ್ಲ ಕೆಲಸಗಳನ್ನು ಮಾಡಿದ್ದಾರೆ" ಅಂದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. "ದಿನದ ಬಿಲ್ ತಯಾರಿ, ಜಿಎಸ್‌ಟಿ ಬಿಲ್‌ಗಳ ನಮೂದು, ಗ್ರಾಹಕರಿಂದ ಬಾಕಿ ವಸೂಲಿ, ವಾರದ ಬಾಕಿ ಪಟ್ಟಿ ತಯಾರಿ" ಅಂತ ಬರೆದರೆ ಅದೇ ಒಂದು ಅರ್ಹತೆಯ ಹಾಗೆ ನಿಲ್ಲುತ್ತದೆ. ಅನುಮಾನ ಇರುವವರಿಗೂ ಇದನ್ನು ಪೂರ್ತಿ ಬರೆಯಬೇಕು. ಅವರು ಆ ಕೆಲಸ ಮಾಡಿದ್ದು ನಿಜ ತಾನೇ?

ಆಮೇಲೆ ನಡತೆಯ ಸಾಲು. "ಇವರು ಪ್ರಾಮಾಣಿಕರು, ಕಷ್ಟಪಟ್ಟು ದುಡಿಯುವವರು, ನಡತೆ ಉತ್ತಮ." ಅಭ್ಯಾಸದಿಂದ ಕೈ ತಾನಾಗಿ ಬರೆದುಬಿಡುತ್ತದೆ. ನಮ್ಮ ಉದಾಹರಣೆಯ ಮಾಲೀಕರು "ಹೋಗಲಿ ಪಾಪ, ಕೆಲಸ ಸಿಗಲಿ" ಅಂತ ಹಾಗೆ ಬರೆದರು ಅಂದುಕೊಳ್ಳಿ. ಮುಂದೆ ದುಡ್ಡಿನ ವಿಷಯ ಪೊಲೀಸ್ ಠಾಣೆಗೋ ಕೋರ್ಟಿಗೋ ಹೋದರೆ, ಎದುರಿನ ವಕೀಲರು ಮೊದಲು ತೆಗೆಯುವ ಕಾಗದ ಅದೇ. "2 ಮೇ 2025ರಂದು ಪ್ರಾಮಾಣಿಕರು ಅಂತ ನೀವೇ ಸಹಿ ಹಾಕಿದ್ದೀರಿ ಅಲ್ವಾ?" ಆ ಹೊಗಳಿಕೆ ನಂಬಿ ಇವರ ಕೈಗೆ ತಿಜೋರಿ ಕೊಟ್ಟ ಹೊಸ ಮಾಲೀಕರಿಗೂ ಅದು ಅನ್ಯಾಯ.

ಹಾಗಂತ "ಪ್ರಾಮಾಣಿಕತೆಯ ಬಗ್ಗೆ ಅನುಮಾನವಿದೆ" ಅಂತಲೂ ಬರೆಯಬಾರದು. ಇಲ್ಲಿ ನನ್ನ ಸಲಹೆ ಖಚಿತವಾದದ್ದು: ನಡತೆಯ ಸಾಲನ್ನು ಯಾರಿಗೂ ಬರೆಯಬೇಡಿ. ಹತ್ತು ಜನರಿಗೆ ಬರೆದು ಹನ್ನೊಂದನೆಯವರಿಗೆ ಮಾತ್ರ ಬಿಟ್ಟರೆ, ಬಿಟ್ಟದ್ದೇ ಒಂದು ಆರೋಪವಾಗುತ್ತದೆ. ಎಲ್ಲರಿಗೂ ಒಂದೇ ಅಚ್ಚು ಇದ್ದರೆ ಯಾರ ಪತ್ರವೂ ಪಿಸುಗುಡುವುದಿಲ್ಲ. ತುಂಬ ಚೆನ್ನಾಗಿ ದುಡಿದವರನ್ನು ಹೊಗಳಬೇಕು ಅನ್ನಿಸಿದರೆ, ಅವರ ಮೇಲಿನವರು ಬೇರೆಯಾಗಿ ಶಿಫಾರಸು ಪತ್ರ ಬರೆದುಕೊಡಲಿ.

ಆಗ ಪತ್ರ ಹೀಗಾಗುತ್ತದೆ: "ಶ್ರೀ ……… ಅವರು 18 ಜುಲೈ 2022ರಿಂದ 2 ಮೇ 2025ರವರೆಗೆ ನಮ್ಮ ಸಂಸ್ಥೆಯಲ್ಲಿ ಪೂರ್ಣಾವಧಿ ಕೆಲಸ ಮಾಡಿದ್ದಾರೆ. ಬಿಲ್ಲಿಂಗ್ ಸಹಾಯಕರಾಗಿ ಸೇರಿ, 1 ಏಪ್ರಿಲ್ 2024ರಿಂದ ಕಲೆಕ್ಷನ್ ಎಕ್ಸಿಕ್ಯೂಟಿವ್ ಆಗಿದ್ದರು. ಇವರು ಮಾಡುತ್ತಿದ್ದ ಕೆಲಸಗಳು: ……… ಇವರು ತಾವಾಗಿ ರಾಜೀನಾಮೆ ಕೊಟ್ಟು ಕೆಲಸ ಬಿಟ್ಟಿದ್ದಾರೆ."

ನಾಲ್ಕೂ ಸಾಲಿಗೆ ಕಡತದಲ್ಲಿ ಆಧಾರವಿದೆ. ಪ್ರತಿ ಸಾಲಿನ ಪಕ್ಕ ಪೆನ್ಸಿಲ್ಲಿನಲ್ಲಿ "ಇದು ಯಾವ ಕಾಗದದಿಂದ?" ಅಂತ ಗುರುತು ಹಾಕಿ ನೋಡಿ. ಗುರುತು ಹಾಕಲಾಗದ ಸಾಲನ್ನು ತೆಗೆದುಬಿಡಿ.

ಫೋನಿನಲ್ಲಿ ಕೇಳಿದಾಗ

ಪತ್ರದಲ್ಲಿ ಎಚ್ಚರವಾಗಿದ್ದವರೂ ಎಡವುವುದು ಇಲ್ಲೇ. ಅದೇ ವ್ಯಾಪಾರದ ಪರಿಚಯದವರು ಫೋನ್ ಮಾಡುತ್ತಾರೆ. "ನಿಮ್ಮ ಹುಡುಗ ನಮ್ಮ ಹತ್ತಿರ ಬಂದಿದ್ದಾನೆ, ಹೇಗೆ?" ಮಾಲೀಕರು ಸಲುಗೆಯಿಂದ "ಅಯ್ಯೋ, ದುಡ್ಡು ಹೊಡೆದು ಹೋದ ಮಾರಾಯ್ರೇ" ಅಂದುಬಿಡುತ್ತಾರೆ. ಈ ಮಾತು ಮೂರನೆಯವರ ಕಿವಿಗೆ ಬಿತ್ತು. ಆ ವ್ಯಕ್ತಿಯ ಹೆಸರು ಕೆಡುವ ಮಾತು. ಮಾನಹಾನಿಗೆ ಬೇಕಾದದ್ದು ಇಷ್ಟೇ. ಬಾಯಿಮಾತು, ಬರಹ ಎರಡಕ್ಕೂ ಇದು ಅನ್ವಯಿಸುತ್ತದೆ.

1 ಜುಲೈ 2024ರಿಂದ ಮಾನಹಾನಿ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿದೆ. ಹಿಂದೆ ಇದು ದಂಡ ಸಂಹಿತೆಯ 499, 500ರಲ್ಲಿತ್ತು. ಎರಡು ವರ್ಷದವರೆಗೆ ಸಾದಾ ಜೈಲು, ಅಥವಾ ದಂಡ, ಅಥವಾ ಎರಡೂ, ಇಲ್ಲವೇ ಸಮುದಾಯ ಸೇವೆಯ ಶಿಕ್ಷೆ ಇದೆ. ಇದಲ್ಲದೆ ಸಿವಿಲ್ ಕೋರ್ಟಿನಲ್ಲಿ ಪರಿಹಾರದ ದಾವೆಯನ್ನೂ ಹಾಕಬಹುದು. ಅದಕ್ಕೆ ಒಂದು ವರ್ಷದ ಗಡುವಿದೆ.

ಆದರೆ ಕಾನೂನು ಮಾಲೀಕರ ಬಾಯಿಯನ್ನು ಪೂರ್ತಿ ಕಟ್ಟಿಲ್ಲ. ಅದೇ ಕಲಮಿನಲ್ಲಿ ವಿನಾಯಿತಿಗಳಿವೆ. ತನ್ನ ಅಥವಾ ಇನ್ನೊಬ್ಬರ ಹಿತ ಕಾಯಲು ಸದ್ಭಾವನೆಯಿಂದ ಹೇಳಿದ ಮಾತು, ಕೇಳುವವರ ಒಳಿತಿಗಾಗಿ ಸದ್ಭಾವನೆಯಿಂದ ಕೊಟ್ಟ ಎಚ್ಚರಿಕೆ, ಇವು ಮಾನಹಾನಿಯಲ್ಲ. ಕಾಯ್ದೆಯೇ ಒಂದು ಉದಾಹರಣೆ ಕೊಡುತ್ತದೆ: ಅಂಗಡಿಯವನೊಬ್ಬ ತನ್ನ ವ್ಯಾಪಾರ ನೋಡಿಕೊಳ್ಳುವವನಿಗೆ "ಅವನಿಗೆ ನಗದು ಕೊಟ್ಟರಷ್ಟೇ ಮಾಲು ಕೊಡು, ಅವನ ಪ್ರಾಮಾಣಿಕತೆ ಮೇಲೆ ನನಗೆ ನಂಬಿಕೆಯಿಲ್ಲ" ಅನ್ನುತ್ತಾನೆ. ತನ್ನ ಹಿತಕ್ಕಾಗಿ ಸದ್ಭಾವನೆಯಿಂದ ಹೇಳಿದ್ದರೆ ಅದು ತಪ್ಪಲ್ಲ.

ಎಲ್ಲವೂ ಆ "ಸದ್ಭಾವನೆ" ಮೇಲೆ ನಿಂತಿದೆ. ಮನಸ್ಸಿನಲ್ಲಿ ದ್ವೇಷ ಇಲ್ಲದಿದ್ದರೆ ಸಾಕು ಅಂತ ಇದರ ಅರ್ಥವಲ್ಲ. ಸರಿಯಾದ ಎಚ್ಚರ, ಗಮನ ಇಲ್ಲದೆ ನಂಬಿದ್ದನ್ನು ಸದ್ಭಾವನೆ ಅನ್ನಲಾಗದು ಅಂತ ಸಂಹಿತೆಯಲ್ಲೇ ಹೇಳಿದೆ. ನಮ್ಮ ಮಾಲೀಕರು ಏನು ಎಚ್ಚರ ವಹಿಸಿದ್ದರು? ನೋಟಿಸ್ ಕೊಡಲಿಲ್ಲ. ಬೀಗದ ಕೈ ಇದ್ದ ಇನ್ನೊಬ್ಬರನ್ನು ಕೇಳಲಿಲ್ಲ. ರಸೀದಿ ಪಡೆದ ಗ್ರಾಹಕರಿಗೆ ಫೋನ್ ಮಾಡಲಿಲ್ಲ. ಅವರಿಗೆ ಗೊತ್ತಿರುವುದು "38,400 ಕಡಿಮೆ ಬಂತು" ಅನ್ನುವುದು ಮಾತ್ರ. "ಇವರು ತೆಗೆದರು" ಅನ್ನುವುದು ಅವರ ಊಹೆ. ಹೊಸ ಮಾಲೀಕರ ಒಳಿತಿಗೇ ಹೇಳಿದರೂ ಈ ಊಹೆಗೆ ವಿನಾಯಿತಿಯ ರಕ್ಷಣೆ ಸಿಗುವುದು ಕಷ್ಟ.

ಇನ್ನೂ ಕೆಟ್ಟದ್ದು ವ್ಯಾಪಾರಿಗಳ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಹಾಕಿ "ಈ ವ್ಯಕ್ತಿಯಿಂದ ಎಚ್ಚರ" ಅಂತ ಬರೆಯುವುದು. ಗ್ರೂಪಿನ ಇನ್ನೂರು ಜನರಲ್ಲಿ ಅವರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಯೋಚನೆ ಇರುವವರು ಒಬ್ಬರೋ ಇಬ್ಬರೋ. ಉಳಿದವರಿಗೆ ಹೇಳಿದ್ದು ಯಾವ ಹಿತ ಕಾಯಲು? ಕೇಳಿದವರಿಗೆ ಮಾತ್ರ, ಕೇಳಿದ್ದಕ್ಕೆ ಮಾತ್ರ ಉತ್ತರ ಅನ್ನುವುದು ಇದಕ್ಕೇ.

ಉತ್ತರ ಕೊಡುವ ಕ್ರಮ

ಮೊದಲನೆಯದಾಗಿ, ಸಂಸ್ಥೆಯಲ್ಲಿ ಒಬ್ಬರೇ ಉತ್ತರ ಕೊಡಲಿ. ಕೌಂಟರಿನಲ್ಲಿ ಫೋನ್ ಎತ್ತಿದವರೆಲ್ಲ ಅಭಿಪ್ರಾಯ ಹೇಳುವುದು ನಿಲ್ಲಬೇಕು. "ದಯವಿಟ್ಟು ಇಮೇಲ್ ಕಳಿಸಿ, ಕಂಪನಿಯ ಇಮೇಲ್‌ನಿಂದ" ಅಂತ ಹೇಳುವುದನ್ನು ಎಲ್ಲರಿಗೂ ಕಲಿಸಿ. ಹಾಗೆ ಹೇಳಿದರೆ ಅರ್ಧ ಜನ ಸುಮ್ಮನಾಗುತ್ತಾರೆ. ನಿಜವಾಗಿ ಬೇಕಾದವರು ಬರೆಯುತ್ತಾರೆ.

ಇಮೇಲ್ ಬಂದ ಮೇಲೆ ನೌಕರರ ಒಪ್ಪಿಗೆ ಪತ್ರ ಜೊತೆಗಿದೆಯಾ ನೋಡಿ. ಪರಿಶೀಲನಾ ಸಂಸ್ಥೆಗಳು ಸಾಮಾನ್ಯವಾಗಿ ಅದನ್ನು ಲಗತ್ತಿಸುತ್ತವೆ. ಇಲ್ಲದಿದ್ದರೆ ಕೇಳಿ ತರಿಸಿ. ಸಂಬಳ, ಆರೋಗ್ಯ, ಮನೆಯ ವಿಚಾರ ಇವೆಲ್ಲ ಅವರ ಖಾಸಗಿ ಮಾಹಿತಿ. "ಮೇಲಿಂದ ಮೇಲೆ ರಜೆ ಹಾಕುತ್ತಿದ್ದರು, ಏನೋ ಕಾಯಿಲೆ" ಅಂತ ಸಹಜವಾಗಿ ಹೇಳಿದ ಮಾತೇ ಒಬ್ಬರ ಕೆಲಸ ಕಳೆಯಬಹುದು.

ಆಮೇಲೆ ಕಡತ ತೆರೆದು, ಪತ್ರದಲ್ಲಿ ಇರುವುದನ್ನೇ ಬರೆಯಿರಿ: ಅವಧಿ, ಹುದ್ದೆ, ಬಿಟ್ಟ ರೀತಿ. ನಮೂನೆಯಲ್ಲಿ "ಪ್ರಾಮಾಣಿಕತೆ ಹೇಗೆ?", "ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವಿರಾ?" ಅನ್ನುವ ಕಾಲಂಗಳೂ ಇರುತ್ತವೆ. ಅಲ್ಲಿ "ಸಂಸ್ಥೆಯ ಪದ್ಧತಿಯಂತೆ ಎಲ್ಲ ಮಾಜಿ ನೌಕರರ ಬಗ್ಗೆಯೂ ಅವಧಿ, ಹುದ್ದೆ, ಬಿಟ್ಟ ರೀತಿ ಮಾತ್ರ ತಿಳಿಸುತ್ತೇವೆ" ಅಂತ ಬರೆಯಿರಿ. "ಎಲ್ಲ" ಅನ್ನುವುದು ನಿಜವಾಗಿರಬೇಕು. ಕಳುಹಿಸಿದ ಉತ್ತರದ ಪ್ರತಿ ಅವರ ಕಡತದಲ್ಲೇ ಇರಲಿ.

ಆರೋಪ ಸಾಬೀತಾಗಿದ್ದರೆ?

ನಮ್ಮ ಉದಾಹರಣೆಯನ್ನು ಸ್ವಲ್ಪ ಬದಲಿಸೋಣ. ಮಾಲೀಕರು ಲಿಖಿತ ನೋಟಿಸ್ ಕೊಟ್ಟರು, ಉತ್ತರ ಪಡೆದರು, ಮೂರು ಜನ ಗ್ರಾಹಕರ ಹೇಳಿಕೆ ತೆಗೆದುಕೊಂಡರು, ಅವರನ್ನು ಪ್ರಶ್ನಿಸಲು ನೌಕರರಿಗೂ ಅವಕಾಶ ಕೊಟ್ಟರು. ವಿಚಾರಣೆಯಲ್ಲಿ ಆರೋಪ ಸಾಬೀತಾಗಿ ವಜಾ ಆದೇಶವಾಯಿತು. ಆಗ ಕೇಳಿದ ಹೊಸ ಮಾಲೀಕರಿಗೆ "ಆಂತರಿಕ ವಿಚಾರಣೆಯ ನಂತರ ಇಂಥ ದಿನಾಂಕದ ಆದೇಶದಂತೆ ವಜಾ ಮಾಡಲಾಗಿದೆ" ಅಂತ ಲಿಖಿತವಾಗಿ ಹೇಳಬಹುದು. "ಕಳ್ಳ" ಅನ್ನಬಾರದು. ಕಳ್ಳತನ ಅಪರಾಧ. ಅದನ್ನು ಹೇಳಬೇಕಾದದ್ದು ಕೋರ್ಟು. ಆ ವಜಾವನ್ನು ಪ್ರಶ್ನಿಸಿ ಅವರು ಕೋರ್ಟಿಗೆ ಹೋಗಿದ್ದರೆ ಅದನ್ನೂ ಸೇರಿಸಿ. ಅರ್ಧ ನಿಜ ಹೇಳಿದರೆ ಸದ್ಭಾವನೆಯ ಮಾತು ದುರ್ಬಲವಾಗುತ್ತದೆ.

ವಜಾ ಆದವರಿಗೂ ಸೇವೆಯ ಪತ್ರ ಕೊಡಬೇಕು. ಕಾರ್ಖಾನೆಗಳ ಕೆಲಸಗಾರರಿಗಾಗಿ 1946ರಲ್ಲಿ ಮಾಡಿದ ಮಾದರಿ ಸ್ಥಾಯಿ ಆದೇಶಗಳಲ್ಲೇ, ವಜಾ ಆದರೂ ಬಿಡುಗಡೆಯಾದರೂ ನಿವೃತ್ತರಾದರೂ ಕಾಯಂ ಕೆಲಸಗಾರನಿಗೆ ಸೇವಾ ಪ್ರಮಾಣಪತ್ರ ಪಡೆಯುವ ಹಕ್ಕಿದೆ ಅಂತ ಹೇಳಿತ್ತು. ದುಡಿದದ್ದು ದುಡಿದದ್ದೇ. ಆ ಪತ್ರದಲ್ಲಿ ಅವಧಿ, ಹುದ್ದೆ ಬರೆಯಿರಿ. "ತಾವಾಗಿ ಬಿಟ್ಟಿದ್ದಾರೆ" ಅಂತ ಸುಳ್ಳು ಬರೆಯಬೇಡಿ. ಕಾರಣದ ಸಾಲನ್ನೇ ಬಿಟ್ಟರೆ ಸಾಕು.

ಪತ್ರ ತಡೆಹಿಡಿಯುವುದು

ನೋಟಿಸ್ ಪೂರೈಸದೆ ಹೋದವರ ಪತ್ರವನ್ನು ಹಣ ಕಟ್ಟುವವರೆಗೆ ಇಟ್ಟುಕೊಳ್ಳುವುದು ಬಹಳ ಕಡೆ ರೂಢಿ. ನನಗೆ ಇದು ಸರಿ ಕಾಣುವುದಿಲ್ಲ. ಹಣ ಬರಬೇಕಿದ್ದರೆ ಕರಾರಿನ ಷರತ್ತು ತೋರಿಸಿ, ಲೆಕ್ಕ ಹಾಕಿ, ಬೇರೆ ಪತ್ರದಲ್ಲಿ ಕೇಳಿ. ಅವರು ದುಡಿದ ಮೂರು ವರ್ಷದ ಸಾಕ್ಷಿಯನ್ನು ಒತ್ತೆ ಇಟ್ಟುಕೊಳ್ಳುವುದು ಬೇಡ. ಹೇಳದೆ ಬರುವುದನ್ನು ನಿಲ್ಲಿಸಿದವರಿಗೆ ರಿಲೀವಿಂಗ್ ಲೆಟರ್ ಕೊಡುವುದಕ್ಕೆ ಆಧಾರವಿಲ್ಲ, ಯಾಕೆಂದರೆ ಒಪ್ಪಲು ರಾಜೀನಾಮೆಯೇ ಇಲ್ಲ. ಹಾಜರಿದ್ದ ಕೊನೆಯ ದಿನದವರೆಗಿನ ಸೇವೆಯ ಪತ್ರ ಮಾತ್ರ ಕೊಡಬಹುದು.

ಪತ್ರ ಸಿಗದ ನೌಕರರು ಇಮೇಲ್‌ನಲ್ಲಿ, ದಿನಾಂಕ ಸಮೇತ ಕೇಳುತ್ತಿರಿ. ರಾಜೀನಾಮೆ ಕಳಿಸಿದ ಇಮೇಲ್, ಒಪ್ಪಿದ ಉತ್ತರ, ಪೇ ಸ್ಲಿಪ್, ಫಾರ್ಮ್ 16, ಪಿಎಫ್ ಪಾಸ್‌ಬುಕ್ ಇವನ್ನು ಹೊಸ ಕಡೆ ತೋರಿಸಿ ವಿಷಯ ಹೇಳಿ. ಸಾಕಷ್ಟು ಕಂಪನಿಗಳು ಒಪ್ಪುತ್ತವೆ. ಹಳೆಯವರು ಪಿಎಫ್‌ನಲ್ಲಿ ಬಿಟ್ಟ ದಿನಾಂಕ ತುಂಬದಿದ್ದರೆ, ಕೊನೆಯ ಕಂತು ಬಂದು ಎರಡು ತಿಂಗಳಾದ ಮೇಲೆ ನೀವೇ ಯುಎಎನ್ ಪೋರ್ಟಲ್‌ನಲ್ಲಿ ಹಾಕಿಕೊಳ್ಳಬಹುದು. ಒಮ್ಮೆ ಹಾಕಿದ ದಿನಾಂಕ ತಿದ್ದುವುದು ತಲೆನೋವು, ಆದ್ದರಿಂದ ಕೊನೆಯ ಪೇ ಸ್ಲಿಪ್ ಎದುರಿಟ್ಟುಕೊಂಡೇ ತುಂಬಿ.

ಪತ್ರ ಕೊಟ್ಟ ಮೇಲೆ ತಪ್ಪು ಕಂಡರೆ, ಹಳೆಯದರ ಮೇಲೆ ವೈಟ್ನರ್ ಹಚ್ಚಿ ತಿದ್ದಿ ಕೊಡಬೇಡಿ. ಪರಿಶೀಲಿಸುವವರಿಗೆ ಅದು ನಕಲಿ ಪತ್ರದ ಹಾಗೇ ಕಾಣುತ್ತದೆ. ಹೊಸ ಸಂಖ್ಯೆ, ಹೊಸ ದಿನಾಂಕ ಹಾಕಿ ಬೇರೆ ಪತ್ರ ಬರೆದು, "ಇಂಥ ದಿನಾಂಕದ ಹಿಂದಿನ ಪತ್ರದ ಬದಲಿಗೆ ಇದನ್ನು ನೀಡಲಾಗಿದೆ" ಅಂತ ಒಂದು ಸಾಲು ಸೇರಿಸಿ, ಹಳೆಯ ಮೂಲ ಪ್ರತಿಯನ್ನು ವಾಪಸ್ ಪಡೆದು ಕಡತಕ್ಕೆ ಸೇರಿಸಿ.